ಮಾರ್ಕೆಟಿಂಗ್ ರೆಸ್ಯೂಮೆ ಸೋಸಿ ಕೊಡುವ ಸೇವೆ: ಒಂದೂವರೆ ವರ್ಷ ಬಳಸಿದ ಮೇಲೆ

ತುಮಕೂರಿನಲ್ಲಿ ನಮ್ಮದು ಗಾಣದ ಕೊಬ್ಬರಿ ಎಣ್ಣೆ ವ್ಯಾಪಾರ. ಅರ್ಧಕ್ಕಿಂತ ಜಾಸ್ತಿ ಮಾರಾಟ ಆನ್‌ಲೈನ್‌ನಲ್ಲೇ. ಜಾಹೀರಾತು ನೋಡಿಕೊಳ್ಳಲು ಒಬ್ಬರು ಬೇಕು ಎಂದು ಪ್ರಕಟಣೆ ಹಾಕಿದರೆ ರೆಸ್ಯೂಮೆಗಳ ರಾಶಿ ಬೀಳುತ್ತದೆ. ಎಲ್ಲದರಲ್ಲೂ ದೊಡ್ಡ ದೊಡ್ಡ ಅಂಕಿಗಳು. ಹಾಗಾಗಿ ಇಬ್ಬರು ಸೇರಿ ನಡೆಸುವ ಒಂದು ಸಣ್ಣ ಸೇವೆಗೆ ಕೊಡಲು ಶುರು ಮಾಡಿದೆ. ಒಂದು ರೆಸ್ಯೂಮೆಗೆ 400 ರೂಪಾಯಿ. ಹೆಸರು ಹೇಳುವುದಿಲ್ಲ, ಯಾಕೆಂದರೆ ಮುಂದೆ ಒಂದು ದೂರೂ ಇದೆ.

ಅವರು ಮಾಡುವುದು ಇಷ್ಟು. ನಮ್ಮ ಪ್ರಕಟಣೆಯ ಒಂದೊಂದು ಸಾಲಿನ ಎದುರಿಗೆ ರೆಸ್ಯೂಮೆಯಲ್ಲಿ ಏನಿದೆ ಎಂದು ಬರೆದುಕೊಡುತ್ತಾರೆ. ಪುರಾವೆ ಇದ್ದರೆ ಹಸಿರು, ಸುಮ್ನೆ ಹೇಳಿಕೆ ಮಾತ್ರ ಇದ್ದರೆ ಹಳದಿ, ಏನೂ ಇಲ್ಲದಿದ್ದರೆ ಕೆಂಪು. ಜೊತೆಗೆ ಫೋನಿನಲ್ಲಿ ಕೇಳಬೇಕಾದ ಮೂರ್ನಾಲ್ಕು ಪ್ರಶ್ನೆ. ನನಗೆ ಹಣ ಕೊಟ್ಟಿದ್ದು ಸಾರ್ಥಕ ಅನಿಸಿದ್ದು ಈ ಪ್ರಶ್ನೆಗಳಿಂದಲೇ.

ಒಂದು ಉದಾಹರಣೆ ಹೇಳುತ್ತೇನೆ. ಕಳೆದ ಸಲ ನಾವು ಕೇಳಿದ್ದು, ತಿಂಗಳಿಗೆ 2 ಲಕ್ಷದ ಬಜೆಟ್ ಸ್ವತಂತ್ರವಾಗಿ ನೋಡಿಕೊಳ್ಳುವವರು, ಮೆಟಾ ಮತ್ತು ಗೂಗಲ್ ಆಡ್ಸ್ ಎರಡೂ ಬರುವವರು. ಒಬ್ಬ ಹುಡುಗನ ರೆಸ್ಯೂಮೆಯಲ್ಲಿ ಹೀಗಿತ್ತು: ಹತ್ತು ತಿಂಗಳಲ್ಲಿ 60 ಲಕ್ಷದ ಬಜೆಟ್, ರೋಆಸ್ 5.2, ಒಟ್ಟು 9,000 ಆರ್ಡರ್, ಸರಾಸರಿ ಆರ್ಡರ್ 650 ರೂಪಾಯಿ. ರೋಆಸ್ ಎಂದರೆ ಜಾಹೀರಾತಿಗೆ ಹಾಕಿದ ಒಂದು ರೂಪಾಯಿಗೆ ಎಷ್ಟು ರೂಪಾಯಿಯ ಮಾರಾಟ ಬಂತು ಎನ್ನುವ ಲೆಕ್ಕ. ನಾನಾಗಿದ್ದರೆ ಅಲ್ಲೇ ಮರುಳಾಗುತ್ತಿದ್ದೆ.

ಅವರು ಗುಣಿಸಿ ನೋಡಿದ್ದಾರೆ. 60 ಲಕ್ಷಕ್ಕೆ 5.2 ಪಟ್ಟು ಎಂದರೆ 3.12 ಕೋಟಿ ಮಾರಾಟ ಆಗಿರಬೇಕು. ಆದರೆ 9,000 ಆರ್ಡರ್, ತಲಾ 650 ಎಂದರೆ 58.5 ಲಕ್ಷ ಮಾತ್ರ. ಹಾಕಿದ ಹಣವೂ ವಾಪಸ್ ಬಂದಿಲ್ಲ! ಅಂದರೆ ಈ ಅಂಕಿಗಳು ಒಂದೇ ಕೆಲಸಕ್ಕೆ ಸೇರಿದವಲ್ಲ. ‘ಸುಳ್ಳು’ ಎಂದು ಅವರು ಬರೆಯಲಿಲ್ಲ, ಅದು ನನಗೆ ಇಷ್ಟವಾಯಿತು. ‘5.2 ಯಾವ ಕ್ಯಾಂಪೇನಿನದು, ಎಷ್ಟು ದಿನದ್ದು ಕೇಳಿ’ ಎಂದಷ್ಟೇ ಬರೆದಿದ್ದರು.

ಫೋನ್ ಮಾಡಿ ಕೇಳಿದೆ. “ಮೇಡಂ, ಅದು ದೀಪಾವಳಿ ಟೈಮಲ್ಲಿ ಮಾಡಿದ ರೀಮಾರ್ಕೆಟಿಂಗ್‌ದು, ಹನ್ನೊಂದು ದಿನ,” ಎಂದ. ಆಗಲೇ ಸೈಟಿಗೆ ಬಂದು ಹೋದವರಿಗೆ, ಅದೂ ಹಬ್ಬದಲ್ಲಿ ತೋರಿಸಿದ ಜಾಹೀರಾತು. ಅಲ್ಲಿ ರೋಆಸ್ ಮೇಲಿರುವುದು ಸಹಜ. ನಮಗೆ ಬೇಕಿದ್ದದ್ದು ಹೊಸ ಗಿರಾಕಿ ತರುವವರು.

ಎರಡನೇ ಪ್ರಶ್ನೆ ಬಜೆಟ್ ಬಗ್ಗೆ. ‘ಫೇಸ್‌ಬುಕ್‌ನಿಂದ ಗೂಗಲ್‌ಗೆ 20 ಸಾವಿರ ಸರಿಸಬೇಕೆಂದರೆ ಯಾರನ್ನು ಕೇಳಬೇಕಿತ್ತು?’ ಎಂಥ ಸರಳ ಪ್ರಶ್ನೆ, ಅಲ್ವಾ? ಹುಡುಗ ಸ್ವಲ್ಪ ತಡೆದು, ಅದನ್ನು ಏಜೆನ್ಸಿಯ ಮ್ಯಾನೇಜರ್ ನಿರ್ಧರಿಸುತ್ತಿದ್ದರು ಎಂದ. ಗೂಗಲ್ ಆಡ್ಸ್‌ನಲ್ಲಿ ನಿಮಗೆ ಯಾವ ಅಕ್ಸೆಸ್ ಇತ್ತು ಎಂದರೆ ‘Read only’. ಅಂದರೆ ರಿಪೋರ್ಟ್ ನೋಡಬಹುದು, ಕ್ಯಾಂಪೇನ್ ಮುಟ್ಟುವಂತಿಲ್ಲ. 60 ಲಕ್ಷ ಇಡೀ ತಂಡದ್ದು. ಪಾಪ, ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರ ಕೊಟ್ಟ. ರೆಸ್ಯೂಮೆ ಬರೆದದ್ದೇ ಹಾಗೆ.

ಟೂಲ್‌ಗಳ ಕಾಲಮ್ಮು ಇವರ ಕೈಯಲ್ಲಿ ಪರವಾಗಿಲ್ಲ. ಹೆಸರು ಎಣಿಸುವ ಬದಲು ಕಾಲ ನೋಡುತ್ತಾರೆ. ಒಬ್ಬರು 2024ರ ಕೆಲಸದ ಕೆಳಗೆ ಯೂನಿವರ್ಸಲ್ ಅನಲಿಟಿಕ್ಸ್ ಎಂದು ಹಾಕಿದ್ದರು. ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್‌ನ ಹಳೆಯ ಟೂಲ್ ಅದು. ಮಾಮೂಲಿ ಖಾತೆಗಳಲ್ಲಿ ಅದು 2023ರ ಜುಲೈ 1ಕ್ಕೇ ಡೇಟಾ ತೆಗೆದುಕೊಳ್ಳುವುದನ್ನು ನಿಲ್ಲಿಸಿತ್ತು. ಹಳೆಯ ರೆಸ್ಯೂಮೆಯ ಸಾಲು ಹಾಗೇ ಉಳಿದಿರಬಹುದು, ಆದರೆ ಕೇಳಲೇಬೇಕು.

ಈಗ ದೂರು. ಗುಬ್ಬಿ ಕಡೆಯ ಒಬ್ಬ ಹುಡುಗಿಯ ರೆಸ್ಯೂಮೆಗೆ ಬಜೆಟ್ ಕಾಲಮ್ಮಿನಲ್ಲಿ ಕೆಂಪು ಬಂತು. ಕಾರಣ, ಅವಳು ಒಂದು ಸೀರೆ ಅಂಗಡಿಗೆ ತಿಂಗಳಿಗೆ 45,000 ಮಾತ್ರ ಖರ್ಚು ಮಾಡುತ್ತಿದ್ದಳು. ನಾವು ಕೇಳಿದ್ದು 2 ಲಕ್ಷ. ಆದರೆ ಅದೇ ರೆಸ್ಯೂಮೆಯ ಕೆಳಗಿನ ಸಾಲು ಓದಿದರೆ, ಅಕೌಂಟಿನ ‘Admin’ ಅವಳೇ. ಆಷಾಢದಲ್ಲಿ ಖರ್ಚು ಇಳಿಸಿ, ಉಳಿದದ್ದನ್ನು ಶ್ರಾವಣಕ್ಕೆ ಇಟ್ಟದ್ದೂ ಅವಳದೇ ತೀರ್ಮಾನ. ಬಜೆಟ್ ಸ್ವತಂತ್ರವಾಗಿ ನೋಡಿಕೊಳ್ಳುವುದು ಎಂದರೆ ಇದೇ ತಾನೇ? ಕೆಂಪು ನೋಡಿ ನಾನು ಆ ರೆಸ್ಯೂಮೆಯನ್ನು ಮೂರು ವಾರ ಪಕ್ಕಕ್ಕಿಟ್ಟಿದ್ದೆ. ಕರೆಯುವ ಹೊತ್ತಿಗೆ ಅವಳು ಬೆಂಗಳೂರಿನಲ್ಲಿ ಬೇರೆ ಕೆಲಸಕ್ಕೆ ಸೇರಿಯಾಗಿತ್ತು.

ಜಗಳ ಮಾಡಿದೆ. ಆ ರೆಸ್ಯೂಮೆಯ ಹಣ ವಾಪಸ್ ಕೊಟ್ಟರು. ನಂತರ ಬಜೆಟ್ ಕಾಲಮ್ಮನ್ನು ಎರಡು ಮಾಡಿದ್ದಾರೆ: ಮೊತ್ತ ಒಂದು, ತೀರ್ಮಾನ ಯಾರದು ಎನ್ನುವುದು ಇನ್ನೊಂದು. ಈಗ ನಾನು ಎರಡನೆಯದನ್ನೇ ಮೊದಲು ಓದುತ್ತೇನೆ.

ಐದಕ್ಕೆ ಮೂರೂವರೆ ಸ್ಟಾರ್. ವರದಿ ಬರಲು ಈಗಲೂ ನಾಲ್ಕು ದಿನ ಹಿಡಿಯುತ್ತದೆ, ಎರಡು ದಿನಕ್ಕೆ ಇಳಿಸಿದರೆ ನಾಲ್ಕು ಕೊಡುತ್ತೇನೆ.