ಡಿಮರ್ಜರ್ ಬೇಡ, ನನಗೆ ಸ್ಲಂಪ್ ಸೇಲೇ ಸಾಕು

ನಾನು ಲೆಕ್ಕ ನೋಡಿಕೊಳ್ಳುವ ಪ್ರೈವೇಟ್ ಲಿಮಿಟೆಡ್ ಕಂಪನಿಯಿಂದ ಎರಡು ವಿಭಾಗ ಹೊರಗೆ ಹೋದವು. ಒಂದು ಡಿಮರ್ಜರ್‌ನಲ್ಲಿ, ಅಂದರೆ ವಿಭಾಗವನ್ನು ಒಡೆದು ಬೇರೆ ಕಂಪನಿಗೆ ಕೊಡುವ ದಾರಿಯಲ್ಲಿ. ಇನ್ನೊಂದು ಸ್ಲಂಪ್ ಸೇಲ್‌ನಲ್ಲಿ, ಅಂದರೆ ಇಡೀ ವಿಭಾಗವನ್ನು ಒಟ್ಟಿಗೆ ಮಾರುವ ದಾರಿಯಲ್ಲಿ. ಮತ್ತೆ ಅಂಥ ಕೆಲಸ ಬಂದರೆ ನನ್ನ ಓಟು ಸ್ಲಂಪ್ ಸೇಲ್‌ಗೆ.

ಡಿಮರ್ಜರ್‌ನಲ್ಲಿ ಕಂಪನಿಗೆ ಕಾಸು ಬರುವುದಿಲ್ಲ. ಹೊಸ ಕಂಪನಿಯ ಷೇರು ನೇರವಾಗಿ ನಮ್ಮ ಷೇರುದಾರರ ಕೈಗೆ ಹೋಗುತ್ತದೆ. ಷರತ್ತೆಲ್ಲ ಪಾಲಿಸಿದರೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ, ಅದು ದೊಡ್ಡ ಲಾಭವೇ. ಆದರೆ ಕಂಪನಿ ವ್ಯವಹಾರಗಳ ಟ್ರಿಬ್ಯೂನಲ್ ಆದ ಎನ್‌ಸಿಎಲ್‌ಟಿಯ ಒಪ್ಪಿಗೆ ಬೇಕು. ಸಾಲ ಕೊಟ್ಟವರ ಸಭೆ ತಪ್ಪಿಸಬೇಕೆಂದರೆ ಮೌಲ್ಯದಲ್ಲಿ 90% ಸಾಲ ಕೊಟ್ಟವರ ಅಫಿಡವಿಟ್ ತರಬೇಕು. ಬ್ಯಾಂಕು ಬಿಡಿ, ನಟ್ಟು ಬೋಲ್ಟು ಕೊಡುವವರಿಗೂ ಛಾಪಾ ಕಾಗದ ಹಿಡಿದು ಸಹಿ ಕೇಳಬೇಕಾಯಿತು. "ನಮ್ಮ ಬಾಕಿ ಮೊದಲು ಕೊಡಿ ಸಾರ್" ಅಂದವರೇ ಜಾಸ್ತಿ!

ಸ್ಲಂಪ್ ಸೇಲ್‌ಗೆ ಬೋರ್ಡ್ ನಿರ್ಣಯ, ಬ್ಯಾಂಕಿನ ಒಪ್ಪಿಗೆ, ಒಂದು ಕರಾರು ಸಾಕಾಯಿತು. ಸರಿ, ತೆರಿಗೆ ಇದೆ. ಇಡೀ ವಿಭಾಗಕ್ಕೆ ಒಂದೇ ಮೊತ್ತ, ಅದರಲ್ಲಿ ನಿವ್ವಳ ಮೌಲ್ಯ ಕಳೆದರೆ ಉಳಿದದ್ದು ಲಾಭ. ನಿವ್ವಳ ಮೌಲ್ಯ ಅಂದರೆ ವಿಭಾಗದ ಆಸ್ತಿಯಿಂದ ಅದರ ಸಾಲ ಕಳೆದದ್ದು. ವಿಭಾಗಕ್ಕೆ 36 ತಿಂಗಳು ದಾಟಿದ್ದರಿಂದ ದರ 12.5%, ಮೇಲೆ ಸರ್‌ಚಾರ್ಜ್, ಸೆಸ್.

ತಲೆ ತಿಂದದ್ದು ಜಾಗ. ಒಪ್ಪಿದ ಬೆಲೆ 10 ಕೋಟಿ, ನಿವ್ವಳ ಮೌಲ್ಯ 6 ಕೋಟಿ. ಅಂದರೆ ಲಾಭ 4 ಕೋಟಿ, ಸರ್‌ಚಾರ್ಜ್, ಸೆಸ್ ಬಿಟ್ಟು ತೆರಿಗೆ 50 ಲಕ್ಷ ಅಂದುಕೊಂಡಿದ್ದೆವು. ಆದರೆ 2021ರ ತಿದ್ದುಪಡಿಯ ನಂತರ ನಾವು ಬರೆದ ಬೆಲೆಯನ್ನೇ ಇಲಾಖೆ ಒಪ್ಪಬೇಕಿಲ್ಲ. ನಿಯಮದ ಪ್ರಕಾರ ಲೆಕ್ಕ ಹಾಕಿದ ಮಾರುಕಟ್ಟೆ ಮೌಲ್ಯವೇ ಕನಿಷ್ಠ. ಆ ಲೆಕ್ಕದಲ್ಲಿ ಯಂತ್ರ, ಸ್ಟಾಕು ಪುಸ್ತಕದ ಬೆಲೆಗೇ ಇರುತ್ತವೆ. ಜಾಗ ಮಾತ್ರ ಸಬ್‌ರಿಜಿಸ್ಟ್ರಾರ್ ಆಫೀಸಿನ ಮಾರ್ಗಸೂಚಿ ದರಕ್ಕೆ ಏರುತ್ತದೆ. ನಮ್ಮ ಪುಸ್ತಕದಲ್ಲಿ ಜಾಗ 1 ಕೋಟಿ, ಮಾರ್ಗಸೂಚಿಯಲ್ಲಿ 7 ಕೋಟಿ. ಮೌಲ್ಯ 12 ಕೋಟಿಗೆ ಹೋಯಿತು. ಲಾಭ ತೆಗೆಯುವಾಗ ಕಳೆಯುವ ನಿವ್ವಳ ಮೌಲ್ಯದಲ್ಲಿ ಮಾತ್ರ ಜಾಗ ಅದೇ 1 ಕೋಟಿ! ಕೈಗೆ ಬಾರದ 2 ಕೋಟಿಗೆ 25 ಲಕ್ಷ ಹೆಚ್ಚುವರಿ ತೆರಿಗೆ. ಕರ್ನಾಟಕದಲ್ಲಿ 2023ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ದರ ಏರಿದ್ದು ನೆನಪಿದೆಯಲ್ವಾ, ಹಳೇ ಜಾಗ ಇದ್ದವರಿಗೆಲ್ಲ ಇದೇ ಕಥೆ.

ಕೊನೆಗೆ ಜಾಗವನ್ನು ನಾವೇ ಇಟ್ಟುಕೊಂಡು ಕೊಂಡವರಿಗೆ ಲೀಸ್‌ಗೆ ಕೊಟ್ಟೆವು. ಬೆಲೆ 5.5 ಕೋಟಿಗೆ ಇಳಿಯಿತು, ನಿವ್ವಳ ಮೌಲ್ಯ 5 ಕೋಟಿ, ಲಾಭ ಬರೀ 50 ಲಕ್ಷ. ಜಾಗದ ಮೇಲಿನ ಮುದ್ರಾಂಕ ಶುಲ್ಕವೂ ಉಳಿಯಿತು, ಈಗ ಬಾಡಿಗೆ ಬರುತ್ತಿದೆ. ಡಿಮರ್ಜರ್‌ನಲ್ಲಿ ಹೀಗೆ ಮಾಡುವುದು ಕಷ್ಟ. ವಿಭಾಗದ ಆಸ್ತಿ, ಸಾಲ ಎಲ್ಲವೂ ಹೋಗಬೇಕು, ಇಲ್ಲದಿದ್ದರೆ ತೆರಿಗೆ ವಿನಾಯಿತಿಗೇ ಕುತ್ತು.

ಜಿಎಸ್‌ಟಿ ತಲೆನೋವು ಎರಡರಲ್ಲೂ ಇಲ್ಲ.

ಅಣ್ಣತಮ್ಮಂದಿರು ವಿಭಾಗ ಹಂಚಿಕೊಳ್ಳುತ್ತಿದ್ದರೆ ಡಿಮರ್ಜರ್ ಮಾಡಿಸಿ, ವಕೀಲರಿಗೆ ಕೊಟ್ಟ ಫೀಸು ದಂಡವಾಗುವುದಿಲ್ಲ. ನಮಗೆ ಬೇಕಿದ್ದದ್ದು ಬ್ಯಾಂಕ್ ಸಾಲ ತೀರಿಸಲು ನಗದು. ಜೊತೆಗೆ ಟ್ರಿಬ್ಯೂನಲ್ ತಾರೀಖು ಕಾಯುವ ತಾಳ್ಮೆ ನನಗಿಲ್ಲ.