ಶೀಟ್ ಪೈಲ್ ಹಾಕಿಸುವವರೇ, ಆಂಕರ್ ಎಷ್ಟು ಕೆಳಗಿದೆ ಅಂತ ಟೇಪ್ ಹಿಡಿದು ನೋಡಿ

ಇನ್ನೂ ಸಿಟ್ಟು ಇಳಿದಿಲ್ಲ. ಕರಾವಳಿಯ ಒಂದು ಸೈಟ್, ಒಣ ಮರಳು, 5 ಮೀಟರ್ ಅಗೆತ. ನೀರು ಪೈಲ್ ತುದಿಗಿಂತ ಕೆಳಗಿತ್ತು, ಆ ತಲೆನೋವು ಇರಲಿಲ್ಲ.

ಪೈಲಿಂಗ್‌ನವರು ಮೊದಲು ತೋರಿಸಿದ್ದು ಕ್ಯಾಂಟಿಲಿವರ್ ಗೋಡೆ. ಘರ್ಷಣ ಕೋನ 30 ಡಿಗ್ರಿ ಹಿಡಿದರೆ ಅಗೆತದ ತಳದಿಂದ ಕೆಳಗೆ 4.6 ಮೀಟರ್ ಹೂತಿರಬೇಕು. ಸುರಕ್ಷತೆಗೆ 20% ಸೇರಿಸಿದರೆ 5.5. ಬೆಂಡಿಂಗ್ ಮೊಮೆಂಟ್ ಗೋಡೆಯ ಪ್ರತಿ ಮೀಟರಿಗೆ 280 ಕಿಲೋನ್ಯೂಟನ್ ಮೀಟರ್. ಭಾರಿ ಪೈಲ್, ಭಾರಿ ಬಿಲ್.

ಆಮೇಲೆ, "ಸರ್, ಆಂಕರ್ ಹಾಕೋಣ, ಅರ್ಧಕ್ಕರ್ಧ ಉಳಿಯುತ್ತೆ" ಅಂದರು. ಅದು ನಿಜವೇ. ಮೇಲಿಂದ 2 ಮೀಟರ್ ಕೆಳಗೆ ಟೈ ರಾಡ್ ಕಟ್ಟಿದರೆ ಹೂತಿರಬೇಕಾದ ಆಳ 1.75 ಮೀಟರ್ ಸಾಕು. ಸುರಕ್ಷತೆಗೆ ಅಂತ 2.5 ಇಟ್ಟರು. ಮೊಮೆಂಟ್ 46ಕ್ಕೆ ಇಳಿಯಿತು. 50 ತಡೆಯುವ ಹಗುರ ಸೆಕ್ಷನ್ ತಂದರು. ಡ್ರಾಯಿಂಗ್‌ಗೆ ಸಹಿ ಆಯ್ತು.

ಸೈಟಲ್ಲಿ ಕಟ್ಟಿದ್ದು ಎಲ್ಲಿ ಗೊತ್ತಾ? ಪೈಲ್ ತಲೆಗೇ! 2 ಮೀಟರ್ ಆಳಕ್ಕೆ ಹಿಂದಿನ ಆಂಕರ್ ಬ್ಲಾಕ್‌ವರೆಗೂ ಕಾಲುವೆ ತೋಡಬೇಕಲ್ಲ, ಆ ಕೆಲಸ ಉಳಿಸಿದರು. ರಾಡ್ ಮೇಲಿದ್ದರೆ ಅದರ ಎಳೆತವೂ 54ರಿಂದ 39 ಕಿಲೋನ್ಯೂಟನ್‌ಗೆ ಇಳಿಯುತ್ತೆ, ಸಣ್ಣ ರಾಡ್ ಸಾಕು. ಅಲ್ಲೂ ಅವರಿಗೇ ಲಾಭ.

ಕೇಳಿದ್ದಕ್ಕೆ ಉತ್ತರ: "ಆಂಕರ್ ಇದೆ ಅಲ್ವಾ ಸರ್, ಎಲ್ಲಿದ್ದರೇನು? ಆಳ 25 ಸೆಂಟಿಮೀಟರ್ ಜಾಸ್ತಿ ಬೇಕು ಅಷ್ಟೇ. ನಾವು 2.5 ಕೊಟ್ಟಿದ್ದೀವಲ್ಲ."

ಇಲ್ಲೇ ನನಗೆ ಟೋಪಿ ಹಾಕಿದ್ದು. ಆಳದ ಮಾತು ಅಕ್ಷರಶಃ ನಿಜ, 1.75 ಇದ್ದದ್ದು 2 ಆಗುತ್ತೆ. ಮೊಮೆಂಟ್ ಬಗ್ಗೆ ಮಾತ್ರ ಚಕಾರ ಇಲ್ಲ. ಅದು 46ರಿಂದ 94ಕ್ಕೆ ಏರುತ್ತೆ. ಡಬಲ್! ಆಸರೆ ಮೇಲಕ್ಕೆ ಹೋದಷ್ಟೂ ಅದಕ್ಕೂ ತಳದ ಮರಳಿಗೂ ನಡುವಿನ ಅಂತರ ಉದ್ದವಾಗುತ್ತೆ, ಬಾಗುವುದು ಆ ನಡುಭಾಗವೇ. 1 ಮೀಟರ್ ಕೆಳಗೆ ಕಟ್ಟಿದ್ದರೂ 72 ಆಗುತ್ತಿತ್ತು, ಆ ಸೆಕ್ಷನ್‌ಗೆ ಅದೂ ಜಾಸ್ತಿ.

ಪೂರ್ತಿ ಅಗೆದಾಗ ಗೋಡೆಯ ತಲೆ ನೆಟ್ಟಗೆ, ತುದಿ ಗಟ್ಟಿ, ನಡುಹೊಟ್ಟೆ ಮಾತ್ರ ಮುಂದಕ್ಕೆ. ಹಿಂದಿನ ನೆಲದಲ್ಲಿ ಗೋಡೆಗೆ ಸಮಾನಾಂತರವಾಗಿ ಬಿರುಕು. ಮಾಲೀಕರ ಮುಂದೆ ತಲೆ ಎತ್ತೋಕೆ ಆಗಲಿಲ್ಲ. ಇವರ ಉತ್ತರ? "ನೀವು ಒಂದೇ ಸಲ ಅಗೆದಿರಿ ಸರ್." ಆಮೇಲೆ, "ಇನ್ನೊಂದು ಸಾಲು ಆಸರೆ ಕೊಡ್ತೀವಿ, ಎಕ್ಸ್‌ಟ್ರಾ ಆಗುತ್ತೆ." ಎಕ್ಸ್‌ಟ್ರಾ ಅಂತೆ!

ಹಾಗಂತ ಆಂಕರ್ ತೀರಾ ಕೆಳಗೂ ಬೇಡ. 3 ಮೀಟರಲ್ಲಿ ಕಟ್ಟಲು ಮೊದಲು 3.5 ಅಗೆಯಬೇಕು. ಆ ಹೊತ್ತಿಗೆ ಅದು ಬರೀ ಕ್ಯಾಂಟಿಲಿವರ್, ಮೊಮೆಂಟ್ 96. ನಮ್ಮ 2 ಮೀಟರಿಗೆ 2.5 ಅಗೆದರೆ 35 ಅಷ್ಟೇ, ಸೆಕ್ಷನ್ ತಡೆಯುತ್ತೆ.

ಆಂಕರ್ ಜಾಗ ಬದಲಾದರೆ "ಆಳ ಸಾಕು" ಅನ್ನೋ ಮಾತಿಗೆ ಒಪ್ಪಬೇಡಿ. ಹೊಸ ಮೊಮೆಂಟ್ ಲೆಕ್ಕ ಬರವಣಿಗೆಯಲ್ಲಿ ಕೇಳಿ. ನಾನಂತೂ ಬಾಕಿ ಬಿಲ್ ತಡೆದಿದ್ದೇನೆ, ದಿನಾ ಫೋನ್ ಮಾಡ್ತಿದ್ದಾರೆ. ಮಾಡಲಿ.