ರೇಟಿಂಗ್ ವರದಿ ತೋರಿಸಿ ಉದ್ದರಿ ಕೇಳಿದರೆ ಹುಷಾರು

ವಸಂತನರಸಾಪುರ, ಅಂತರಸನಹಳ್ಳಿ ಕಡೆ ಸಣ್ಣ ಘಟಕ ನಡೆಸುತ್ತಾ ದೊಡ್ಡ ಕಂಪನಿಗಳಿಗೆ ಉದ್ದರಿಯಲ್ಲಿ ಮಾಲು ಕೊಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮಣ್ಣನದು ತುಮಕೂರಿನಲ್ಲಿ ಕಾರ್ಟನ್ ಬಾಕ್ಸ್ ಮಾಡುವ ಘಟಕ, ಲೆಕ್ಕಪತ್ರ ನೋಡುವವನು ನಾನು. ಕಳೆದ ನವೆಂಬರಿನಲ್ಲಿ ಒಂದು ಆಹಾರ ಪದಾರ್ಥ ಕಂಪನಿಯ ಖರೀದಿ ಮ್ಯಾನೇಜರ್ 90 ದಿನದ ಉದ್ದರಿ ಕೇಳಿದರು. ಧೈರ್ಯಕ್ಕೆ ಅಂತ ಒಂದು ಪಿಡಿಎಫ್ ಕಳಿಸಿದರು. ಅದೇ ವರ್ಷದ ಫೆಬ್ರವರಿಯ ರೇಟಿಂಗ್ ವರದಿ, ಬಿಬಿಬಿ ಮೈನಸ್ ಅಂದರೆ ಹೂಡಿಕೆಗೆ ಯೋಗ್ಯ ಅನ್ನುವ ದರ್ಜೆಗಳಲ್ಲಿ ಕೊನೆಯದು, ಸ್ಟೇಬಲ್. "ನೋಡಿ ಸಾರ್, ನಮ್ಮ ಸಾಲ ಒಟ್ಟು 42 ಕೋಟಿ, ಎಲ್ಲಾ ಇದರಲ್ಲೇ ಇದೆ" ಅಂದರು. ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮ 14 ಲಕ್ಷ ಅವರಲ್ಲಿ ಸಿಕ್ಕಿಕೊಂಡಿತ್ತು.

ಬಿಲ್ಲು ನಿಂತ ಮೇಲೆ ಆ ವರದಿಯನ್ನೂ ಕಂಪನಿ ಕಾರ್ಯ ಸಚಿವಾಲಯಕ್ಕೆ ಅವರೇ ಸಲ್ಲಿಸಿದ್ದ ಬ್ಯಾಲೆನ್ಸ್ ಶೀಟನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ವರದಿಯ ಕೊನೆಯ ಅನುಬಂಧದಲ್ಲಿ 42 ಕೋಟಿ ಹೀಗೆ ಹಂಚಿಹೋಗಿತ್ತು: ಕ್ಯಾಶ್ ಕ್ರೆಡಿಟ್ 24, ಟರ್ಮ್ ಲೋನ್ 11, ಎಲ್‌ಸಿ ಮತ್ತು ಬ್ಯಾಂಕ್ ಗ್ಯಾರಂಟಿ 4, 'ಪ್ರಪೋಸ್ಡ್' 3. ಇದು ಪೂರ್ತಿ ಆ ದಿನದ ಬಾಕಿ ಸಾಲ ಅಲ್ಲ. ಕ್ಯಾಶ್ ಕ್ರೆಡಿಟ್ ಎದುರಿಗಿರುವುದು ಬ್ಯಾಂಕ್ ಮಂಜೂರು ಮಾಡಿದ ಮಿತಿ. ಎಲ್‌ಸಿ, ಗ್ಯಾರಂಟಿಯಲ್ಲಿ ದುಡ್ಡು ಇನ್ನೂ ಬ್ಯಾಂಕಿನ ಕೈಬಿಟ್ಟಿರುವುದಿಲ್ಲ. ಪ್ರಪೋಸ್ಡ್ ಅಂದರೆ ಮುಂದೆ ಯಾವುದೋ ಬ್ಯಾಂಕ್ ಕೊಟ್ಟರೆ ಅನ್ನುವ ಲೆಕ್ಕ, ಅದರ ಎದುರು ಬ್ಯಾಂಕಿನ ಹೆಸರೇ ಇರಲಿಲ್ಲ.

ವರದಿ ಬಂದ ವರ್ಷದ ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನ ಪ್ರಕಾರ ಬ್ಯಾಂಕುಗಳ ಬಾಕಿ ಸುಮಾರು 31.5 ಕೋಟಿ. ಅದರ ಮೇಲೆ ಫೈನಾನ್ಸ್ ಕಂಪನಿಗಳಿಂದ ತಂದ ಯಂತ್ರದ ಸಾಲ 5 ಕೋಟಿ, ನಿರ್ದೇಶಕರು ಹಾಕಿದ ಭದ್ರತೆಯಿಲ್ಲದ ಸಾಲ 3 ಕೋಟಿ. ಕೂಡಿದರೆ 39.5. ಅಲ್ಲಿಗೆ 42ರ ಹತ್ತಿರವೇ ಬಂತಲ್ಲ ಅನ್ನಿಸುತ್ತೆ, ಆದರೆ ಅದು ಕಾಕತಾಳೀಯ. ಫೈನಾನ್ಸ್ ಕಂಪನಿಯ ಸಾಲಕ್ಕೆ ಇವರು ರೇಟಿಂಗ್ ಕೇಳಿರಲಿಲ್ಲ, ಹಾಗಾಗಿ ಅನುಬಂಧದಲ್ಲಿ ಅದು ಇಲ್ಲ. ರೇಟಿಂಗ್ ಕೊಟ್ಟ ಸಾಲಗಳನ್ನಷ್ಟೇ ಅಲ್ಲಿ ಪಟ್ಟಿ ಮಾಡುತ್ತಾರೆ. ನಿರ್ದೇಶಕರ ಸಾಲವನ್ನು, ಬ್ಯಾಂಕ್ ಸಾಲ ತೀರುವವರೆಗೆ ವಾಪಸ್ ತೆಗೆಯುವುದಿಲ್ಲ ಅಂತ ಬರೆದುಕೊಟ್ಟಿದ್ದಾರೆಂದು, ಬಂಡವಾಳದ ಜೊತೆ ಸೇರಿಸಿ ಸಾಲದ ಅನುಪಾತ ಕಟ್ಟಿದ್ದರು. ರೇಟಿಂಗ್ ಸಂಸ್ಥೆಗಳಲ್ಲಿ ಇದು ರೂಢಿಯ ಲೆಕ್ಕವೇ, ಮೋಸ ಅಲ್ಲ. ಆದರೆ ಅನುಪಾತ ಮಾತ್ರ ನೋಡಿದವರಿಗೆ ಸಾಲ ಕಡಿಮೆ ಕಾಣುತ್ತೆ.

ವರದಿಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಸಾಲು 'ಲಿಕ್ವಿಡಿಟಿ' ಅನ್ನುವ ಪ್ಯಾರಾದಲ್ಲಿತ್ತು: ಕ್ಯಾಶ್ ಕ್ರೆಡಿಟ್ ಮಿತಿಯ ಬಳಕೆ ಹನ್ನೆರಡು ತಿಂಗಳ ಸರಾಸರಿ ಶೇ 94. ಅಂದರೆ ಕೈಯಲ್ಲಿ ಉಳಿದ ಅವಕಾಶ ಒಂದೂವರೆ ಕೋಟಿಯೂ ಇಲ್ಲ. ಹಾಗಿದ್ದರೆ ವ್ಯಾಪಾರ ಯಾರ ದುಡ್ಡಲ್ಲಿ ನಡೀತಿತ್ತು? ಬ್ಯಾಲೆನ್ಸ್ ಶೀಟಿನಲ್ಲಿ ಮಾಲು ಕೊಟ್ಟವರಿಗೆ ಕೊಡಬೇಕಾದ್ದು 19 ಕೋಟಿ, ವರ್ಷದ ಖರೀದಿ 76 ಕೋಟಿ. ಸರಾಸರಿ ಮೂರು ತಿಂಗಳ ಖರೀದಿಯ ದುಡ್ಡು ನಮ್ಮಂಥವರ ತಲೆ ಮೇಲೆ.

ಇಲ್ಲೇ ಜನ ಎಡವುವುದು. ರೇಟಿಂಗ್ ಹೇಳುವುದು ಆ ಬ್ಯಾಂಕ್ ಸಾಲದ ಅಸಲು, ಬಡ್ಡಿ ಹೊತ್ತಿಗೆ ಬರುತ್ತಾ ಅನ್ನುವುದನ್ನು ಮಾತ್ರ. ಟರ್ಮ್ ಲೋನಿನ ಕಂತು ಒಂದು ದಿನ ತಪ್ಪಿದರೂ ಅದು ಡಿಫಾಲ್ಟ್. ಕ್ಯಾಶ್ ಕ್ರೆಡಿಟ್ ಮಿತಿ ಮೀರಿ ಸತತ 30 ದಿನ ದಾಟಿದರೂ ಅಷ್ಟೇ. ಬಾಕ್ಸ್ ಕೊಟ್ಟವನ ಬಿಲ್ಲು ಆರು ತಿಂಗಳು ಕೊಳೆತರೂ ರೇಟಿಂಗ್ ಭಾಷೆಯಲ್ಲಿ ಅದು ಡಿಫಾಲ್ಟ್ ಅಲ್ಲ. ಎಷ್ಟೋ ಸಲ ಬ್ಯಾಂಕಿನ ಕಂತು ಸರಿಯಾಗಿ ಹೋಗುವುದೇ ನಮ್ಮ ಬಿಲ್ಲು ತಡೆಹಿಡಿದು. (ಅಂದಹಾಗೆ, ಉದ್ಯಮ್ ನೋಂದಣಿ ಇರುವ ಸಣ್ಣ ಉತ್ಪಾದಕರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ಅವಧಿ ಇಡುವಂತಿಲ್ಲ ಅಂತ ಕಾನೂನಿದೆ. 90 ದಿನ ಕೇಳಿದಾಗ ಅಣ್ಣ ಇದನ್ನು ಹೇಳಿದ್ದಕ್ಕೆ ಮ್ಯಾನೇಜರ್ ನಕ್ಕು ಸುಮ್ಮನಾದರು.)

ಇನ್ನೊಂದು, ವರದಿಯ ತಾರೀಖು. ಅದೇ ವರ್ಷದ ಜುಲೈನಲ್ಲಿ ಇವರು ಇನ್ನೊಂದು ಫೈನಾನ್ಸ್ ಕಂಪನಿಗೆ 4 ಕೋಟಿಯ ಅಡಮಾನ ಬರೆದುಕೊಟ್ಟಿದ್ದರು. ಫೆಬ್ರವರಿಯ ವರದಿಯಲ್ಲಿ ಅದು ಬರುವುದು ಸಾಧ್ಯವೇ ಇಲ್ಲ. ಕಂಪನಿ ಕಾರ್ಯ ಸಚಿವಾಲಯದ ಎಂಸಿಎ ಪೋರ್ಟಲಿನಲ್ಲಿ ಲಾಗಿನ್ ಆಗಿ ಕಂಪನಿಯ 'ಇಂಡೆಕ್ಸ್ ಆಫ್ ಚಾರ್ಜಸ್' ತೆಗೆದರೆ ಯಾರಿಗೆ, ಯಾವತ್ತು, ಎಷ್ಟಕ್ಕೆ ಅಂತ ಕಾಣುತ್ತೆ. ಅಲ್ಲಿಯೂ ಕಾಣುವುದು ಅಡಮಾನದ ಮೊತ್ತವೇ ಹೊರತು ಇವತ್ತಿನ ಬಾಕಿ ಅಲ್ಲ, ಮತ್ತು ಭದ್ರತೆಯಿಲ್ಲದ ಸಾಲ ಅಲ್ಲಿಗೆ ಬರುವುದೇ ಇಲ್ಲ.

ಪಿಡಿಎಫ್ ಯಾರೋ ಕಳಿಸಿದ್ದನ್ನು ನಂಬಬೇಡಿ, ರೇಟಿಂಗ್ ಸಂಸ್ಥೆಯ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಹಾಕಿ ಹೊಸದನ್ನೇ ತೆಗೆಯಿರಿ, ದುಡ್ಡು ಕೊಡಬೇಕಿಲ್ಲ. ಈ ವರ್ಷ ಫೆಬ್ರವರಿಯಲ್ಲಿ ಇವರ ರೇಟಿಂಗ್ ಬಿಬಿ ಪ್ಲಸ್‌ಗೆ ಇಳಿದು ಪಕ್ಕದಲ್ಲಿ 'ಇಷ್ಯೂಯರ್ ನಾಟ್ ಕೋಆಪರೇಟಿಂಗ್' ಅಂತ ಸೇರಿತ್ತು. ಕಂಪನಿ ಮಾಹಿತಿ ಕೊಡುವುದನ್ನು ನಿಲ್ಲಿಸಿದೆ, ಸಿಕ್ಕಷ್ಟರಲ್ಲಿ ರೇಟಿಂಗ್ ಕೊಟ್ಟಿದ್ದೇವೆ ಅಂತ ಅದರರ್ಥ. ಅಂಥ ವರದಿಯ ಅಂಕಿಗಳನ್ನು ಸಾಲದ ಲೆಕ್ಕಕ್ಕೆ ಬಳಸುವಂತೆಯೇ ಇಲ್ಲ. ಮ್ಯಾನೇಜರ್ ಮಾತ್ರ ಮಾರ್ಚಿನಲ್ಲೂ ಹಳೇ ಪಿಡಿಎಫ್ಫನ್ನೇ ಇನ್ನೊಬ್ಬ ಲೇಬಲ್ ಪ್ರಿಂಟರಿಗೆ ಕಳಿಸಿದ್ದರು.

ಸಣ್ಣ ಉದ್ಯಮಗಳ ಬಾಕಿ ದೂರಿಗೆ ಇರುವ ಸರ್ಕಾರದ ಸಮಾಧಾನ್ ಪೋರ್ಟಲಿನಲ್ಲಿ ನಾವು ಅರ್ಜಿ ಹಾಕಿದ್ದೇವೆ, ವಿಚಾರಣೆ ಇನ್ನೂ ಬಂದಿಲ್ಲ. ಜೂನಿನಲ್ಲಿ ರೇಟಿಂಗ್ 'ಡಿ'ಗೆ, ಅಂದರೆ ಡಿಫಾಲ್ಟ್ ದರ್ಜೆಗೆ ಬಿತ್ತು. ಕಾರಣ ಅಂತ ಬರೆದದ್ದು ಕ್ಯಾಶ್ ಕ್ರೆಡಿಟ್ 30 ದಿನ ಮೀರಿ ಮಿತಿ ದಾಟಿದ್ದು. ಮಾಲು ಕೊಟ್ಟವರ ಬಾಕಿಯ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ.